ಪೋಟೋಮೀಟರ್ ಗುಳ್ಳೆ ಹಟ ಹಿಡಿದಾಗ: ಎಲ್ಲಿ ನೋಡಬೇಕು, ಕೊನೆಗೆ ಏನು ಬರೆಯಬೇಕು

ಕಳೆದ ಬೇಸಿಗೆಯಲ್ಲಿ, ಮಂಡ್ಯದ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಒಬ್ಬ ಹುಡುಗಿ ರೆಕಾರ್ಡ್ ತಂದು ಮುಂದಿಟ್ಟಳು. ದಾಸವಾಳದ ಕಡ್ಡಿ, ಗ್ಯಾನಾಂಗ್ ಪೋಟೋಮೀಟರ್, ಐದೈದು ನಿಮಿಷದ ರೀಡಿಂಗ್. ಪೋಟೋಮೀಟರ್ ಅಂದರೆ ಕಡ್ಡಿ ಎಷ್ಟು ಬೇಗ ನೀರು ಹೀರುತ್ತದೆ ಅಂತ, ಸಣ್ಣ ಕೊಳವೆಯಲ್ಲಿ ಗಾಳಿಯ ಗುಳ್ಳೆ ಸರಿದ ದೂರದಿಂದ ಅಳೆಯುವ ಉಪಕರಣ. ರೂಮಿನಲ್ಲಿ ಸರಾಸರಿ 24 ಮಿ.ಮೀ., ಜಗಲಿಯ ಬಿಸಿಲಿನಲ್ಲಿ 13 ಮಿ.ಮೀ. ಕೆಳಗೆ ಅಚ್ಚುಕಟ್ಟಾಗಿ ಬರೆದಿದ್ದಳು: "ಆದ್ದರಿಂದ ಬಿಸಿಲಿನಲ್ಲಿ ಬಾಷ್ಪವಿಸರ್ಜನೆ ಕಡಿಮೆ."

"ಸಾರ್, ಬಿಸಿಲಿನಲ್ಲಿ ಎಲೆಯಿಂದ ಆವಿಯಾಗಿ ಹೋಗುವ ನೀರು ಜಾಸ್ತಿ ಅಂತ ಪುಸ್ತಕದಲ್ಲಿದೆ. ಪುಸ್ತಕ ತಪ್ಪಾ, ನಾನು ತಪ್ಪಾ?"

ಪುಸ್ತಕವೂ ತಪ್ಪಲ್ಲ, ಅವಳು ಅಳೆದಿದ್ದೂ ತಪ್ಪಲ್ಲ. ಆ ರೀಡಿಂಗ್‌ಗಳ ಒಳಗೆ ಗಿಡದ ಜೊತೆಗೆ ಬೇರೆ ಏನೋ ಸೇರಿಕೊಂಡಿತ್ತು. ಅದೇನು ಅಂತ ಮುಂದೆ ಬರುತ್ತದೆ. ಅದಕ್ಕೂ ಮೊದಲು, ಪ್ರತಿ ವರ್ಷ ಕಾಣುವ ಸಣ್ಣಪುಟ್ಟ ತೊಂದರೆಗಳನ್ನು ನೋಡಿಬಿಡೋಣ. ಖರ್ಚಿಲ್ಲದ, ಸುಲಭವಾದ ಪರೀಕ್ಷೆಗಳು ಮೊದಲು. ಬಿಚ್ಚಿ ಕಟ್ಟುವ ಕೆಲಸ ಆಮೇಲೆ.

ಒಂದು ಮಾತು ನೆನಪಿರಲಿ. ಸಣ್ಣ ಕೊಳವೆಯ ಒಂದು ತುದಿ ಕಡ್ಡಿಯ ಕಡೆ, ಇನ್ನೊಂದು ತುದಿ ಬೀಕರ್ ನೀರಿನಲ್ಲಿ ಇರುತ್ತದೆ. ಕಡ್ಡಿ ನೀರು ಹೀರಿದರೆ ಗುಳ್ಳೆ ಬೀಕರ್ ಕಡೆಯಿಂದ ಗಿಡದ ಕಡೆಗೆ ಬರಬೇಕು. ಕೆಳಗೆ "ಮುಂದಕ್ಕೆ" ಅಂದರೆ ಗಿಡದ ಕಡೆಗೆ, "ಹಿಂದಕ್ಕೆ" ಅಂದರೆ ಬೀಕರ್ ಕಡೆಗೆ.

## ಗುಳ್ಳೆ ಅಲುಗುವುದೇ ಇಲ್ಲ

ಮೊದಲು ಮೇಲಿನ ನೀರಿನ ಪಾತ್ರೆ, ಅಂದರೆ ರಿಸರ್ವಾಯರ್‌ನ ತಿರುಪು ನೋಡಿ. ಗುಳ್ಳೆಯನ್ನು ಹಿಂದಕ್ಕೆ ತಳ್ಳಲು ಅದನ್ನು ತಿರುಗಿಸಿರುತ್ತೀರಿ, ಪೂರ್ತಿ ಮುಚ್ಚಲು ಮರೆತಿರುತ್ತೀರಿ. ಆಗ ಗಿಡ ಪಾಪ ನೀರು ಕುಡಿಯುತ್ತಲೇ ಇರುತ್ತದೆ, ಆದರೆ ಮೇಲಿನ ರಿಸರ್ವಾಯರ್‌ನಿಂದ. ಸಣ್ಣ ಕೊಳವೆಯ ನೀರನ್ನು ಮುಟ್ಟುವುದೇ ಇಲ್ಲ. ತಿರುಪು ಸ್ವಲ್ಪ ಜಾಸ್ತಿಯೇ ಬಿಟ್ಟುಕೊಂಡಿದ್ದರೆ ಗುಳ್ಳೆ ನಿಧಾನವಾಗಿ ಹಿಂದಕ್ಕೂ ಜಾರುತ್ತದೆ. ನನ್ನ ಲೆಕ್ಕದಲ್ಲಿ "ಅಲುಗುತ್ತಿಲ್ಲ ಸಾರ್" ಅನ್ನುವ ದೂರುಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತವೆ.

ತಿರುಪು ಸರಿಯಿದ್ದರೆ ಎಲೆ ಮುಟ್ಟಿ ನೋಡಿ. ಬಕೆಟ್ಟಿನಲ್ಲಿ ಮುಳುಗಿಸಿ ಕಡ್ಡಿ ಕತ್ತರಿಸಿದಾಗ ಎಲೆಗಳೂ ನೆನೆದಿರುತ್ತವೆ. ಎಲೆಯ ಮೇಲಿನ ನೀರು ಆರುವ ತನಕ ಒಳಗಿನ ನೀರು ಹೊರಗೆ ಹೋಗುವುದು ಕಮ್ಮಿ. ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ, ಕಾಲು ಗಂಟೆ ಸುಮ್ನೆ ಬಿಡಿ.

ಆಗಲೂ ಅಲುಗದಿದ್ದರೆ ಅನುಮಾನ ಕತ್ತರಿಸಿದ ತುದಿಯ ಮೇಲೆ. ಹಿತ್ತಲಿನಲ್ಲಿ ಕಡ್ಡಿ ಮುರಿದುಕೊಂಡು ಕೈಯಲ್ಲಿ ಆಡಿಸುತ್ತಾ ಬಂದರೆ ನೀರು ಸಾಗಿಸುವ ಕ್ಸೈಲಂ ಕೊಳವೆಗಳೊಳಗೆ ಗಾಳಿ ಎಳೆದುಕೊಂಡಿರುತ್ತದೆ. ಒಳಗಿನ ನೀರು ಎಳೆತದಲ್ಲಿ ಇರುವುದರಿಂದ, ಕತ್ತರಿಸಿದ ಕ್ಷಣವೇ ಅದು ಹಿಂದೆ ಸರಿದು ಆ ಜಾಗಕ್ಕೆ ಗಾಳಿ ಬರುತ್ತದೆ. ಇದಕ್ಕೆ ಮದ್ದು: ತುದಿಯನ್ನು ನೀರಿನೊಳಗೆ ಇಟ್ಟುಕೊಂಡೇ ಇನ್ನೂ ಎರಡು ಮೂರು ಸೆಂ.ಮೀ. ಮೇಲೆ ಓರೆಯಾಗಿ ಕತ್ತರಿಸುವುದು. ಆಮೇಲೆ ಆ ತುದಿ ಗಾಳಿಗೆ ಬರಲೇಬಾರದು, ಕಾರ್ಕಿಗೆ ಸೇರಿಸುವ ಕೆಲಸವೂ ನೀರಿನೊಳಗೇ ಆಗಬೇಕು. ದಾಸವಾಳದ್ದು ಇನ್ನೊಂದು ತಾಪತ್ರಯ, ಲೋಳೆ. ಕತ್ತರಿಸಿದ ಜಾಗ ಒಂದೆರಡು ಗಂಟೆಯಲ್ಲಿ ಜಾರುಜಾರಾಗುತ್ತದೆ. ಬೆಳಗ್ಗೆಯ ಬ್ಯಾಚಿನವರು ಬಿಟ್ಟುಹೋದ ಕಡ್ಡಿಯನ್ನೇ ಮಧ್ಯಾಹ್ನ ಬಳಸಬೇಡಿ.

ಎಲೆ ಬಾಡಿ ಜೋತುಬಿದ್ದಿದ್ದರೆ ಆ ಕಡ್ಡಿಯ ಮೇಲೆ ಸಮಯ ಹಾಕಬೇಡಿ, ಹೊಸದು ತನ್ನಿ. ಕಣಗಿಲೆ ಮಾತ್ರ ಬೇಡ. ಅದರ ರಸ ವಿಷ, ಕೈಗೆ ಅಂಟಿಕೊಂಡರೆ ಬಾಯಿಗೂ ಕಣ್ಣಿಗೂ ಹೋಗುವುದು ಎಷ್ಟು ಹೊತ್ತು?

## ಗಿಡವೇ ಇಲ್ಲದಿದ್ದರೂ ಗುಳ್ಳೆ ಓಡುತ್ತದೆ

ಇದನ್ನು ಕಂಡುಹಿಡಿಯಲು ಕಡ್ಡಿ ತೆಗೆದು, ಅಷ್ಟೇ ದಪ್ಪದ ಗಾಜಿನ ಕಡ್ಡಿಯನ್ನು ಕಾರ್ಕಿನ ತೂತಿಗೆ ಹಾಕಿ ಹತ್ತು ನಿಮಿಷ ನೋಡಿ. ಗುಳ್ಳೆ ಇದ್ದಲ್ಲೇ ಇರಬೇಕು. ಓಡಿದರೆ ಎಲ್ಲೋ ಸೋರುತ್ತಿದೆ.

ಯಾವ ಕಡೆ ಓಡುತ್ತದೆ ಅನ್ನುವುದು ಸೋರುವ ಜಾಗದ ಗುಟ್ಟು ಹೇಳುತ್ತದೆ. ಬೀಕರ್‌ನ ನೀರಿನ ಮಟ್ಟಕ್ಕಿಂತ ಮೇಲಿರುವ ಜೋಡಣೆ ಸಡಿಲವಾಗಿದ್ದರೆ ಅಲ್ಲಿ ಗಾಳಿ ಒಳಗೆ ಬರುತ್ತದೆ, ನೀರು ಬೀಕರ್‌ಗೆ ಇಳಿಯುತ್ತದೆ, ಗುಳ್ಳೆ ಹಿಂದಕ್ಕೆ. ಆ ಮಟ್ಟಕ್ಕಿಂತ ಕೆಳಗೆ ಸೋರಿದರೆ ನೀರು ಹೊರಗೆ ಬರುತ್ತದೆ, ಗುಳ್ಳೆ ಮುಂದಕ್ಕೆ. ಎರಡನೆಯದು ಜಾಸ್ತಿ ಅಪಾಯ. ಯಾಕೆಂದರೆ ಅದು ಥೇಟ್ ಬಾಷ್ಪವಿಸರ್ಜನೆಯ ಹಾಗೇ ಕಾಣುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಜೋಡಣೆಗಳ ಕೆಳಗೆ ಟಿಶ್ಯೂ ಕಾಗದ ಒತ್ತಿ ನೋಡಿದರೆ ಒದ್ದೆಯಾದ ಜಾಗ ಸಿಗುತ್ತದೆ. ಒರೆಸಿ, ಒಣಗಿಸಿ, ವ್ಯಾಸಲೀನ್ ಹಚ್ಚಿ. ಒದ್ದೆ ಗಾಜಿನ ಮೇಲೆ ವ್ಯಾಸಲೀನ್ ಕೂರುವುದಿಲ್ಲ.

ಇಲ್ಲಿ ಕೈ ಹುಷಾರು. ಗಾಜಿನ ಕೊಳವೆಯನ್ನು ಬಿಗಿ ಕಾರ್ಕಿಗೆ ನೂಕುವಾಗ ಮುರಿದು ಅಂಗೈಗೆ ಚುಚ್ಚಿದ್ದನ್ನು ನಾನು ನೋಡಿದ್ದೇನೆ. ಕೊಳವೆಗೆ ಸೋಪಿನ ನೀರು ಅಥವಾ ಗ್ಲಿಸರಿನ್ ಸವರಿ, ದಪ್ಪ ಬಟ್ಟೆಯಲ್ಲಿ ಕಾರ್ಕಿನ ಹತ್ತಿರಕ್ಕೇ ಹಿಡಿದು, ತಿರುಗಿಸುತ್ತಾ ಒಳಗೆ ಬಿಡಿ. ನೇರ ಒತ್ತಬೇಡಿ. ತಿರುಪು ಗಟ್ಟಿ ಹಿಡಿದುಕೊಂಡಿದ್ದರೆ ಜೋರು ಮಾಡದೆ ಅಟೆಂಡರ್ ಅಣ್ಣನಿಗೆ ಕೊಡಿ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅವತ್ತಿಗೆ ಆ ಪೋಟೋಮೀಟರ್ ಕಥೆ ಮುಗಿಯಿತು, ಎತ್ತಿಡಿ. ಬದಲಿಗೆ 1 ಮಿ.ಲೀ. ಪಿಪೆಟ್ಟನ್ನು ಸಲೈನ್ ಟ್ಯೂಬಿನ ತುಂಡಿಗೆ ಸೇರಿಸಿ ಕಡ್ಡಿ ಸಿಕ್ಕಿಸಿದರೂ ಕೆಲಸ ನಡೆಯುತ್ತದೆ.

## ಬಿಸಿಲಿಗೆ ಇಟ್ಟ ಕೂಡಲೇ ಗುಳ್ಳೆ ಹಿಂದಕ್ಕೆ ಹೋಗುತ್ತದೆ

ಆ ಹುಡುಗಿಯ ಕಥೆ ಇದೇ. ಸರಾಸರಿ ಬಿಟ್ಟು, ಅವಳು ಪೆನ್ಸಿಲಿನಲ್ಲಿ ಗೀಚಿಟ್ಟಿದ್ದ ಮೂಲ ರೀಡಿಂಗ್ ಕೇಳಿದೆ. ರೂಮಿನಲ್ಲಿ 24, 25, 24. ಬಿಸಿಲಿಗೆ ತಂದ ಮೇಲೆ ಮೊದಲ ಐದು ನಿಮಿಷ ಮೈನಸ್ 14, ಅಂದರೆ ಗುಳ್ಳೆ ಹಿಂದಕ್ಕೆ ಹೋಗಿತ್ತು. ಆಮೇಲೆ 15. ಆಮೇಲೆ 38. ಮೂರನ್ನೂ ಕೂಡಿ ಭಾಗಿಸಿದರೆ 13. ಅಷ್ಟಕ್ಕೆ ನಿಲ್ಲಿಸಿ ಒಳಗೆ ಬಂದಿದ್ದಳು.

ಈ ಮೂರು ಸಂಖ್ಯೆಗಳನ್ನು ಸರಾಸರಿ ಮಾಡಬಾರದು, ಸಾಲಾಗಿ ಓದಬೇಕು. ಒಂದೇ ಕಡೆಗೆ ಏರುತ್ತಾ ಹೋಗುತ್ತಿವೆ ಅಲ್ವಾ? ಅಂದರೆ ಏನೋ ಇನ್ನೂ ಬದಲಾಗುತ್ತಲೇ ಇದೆ, ನಿಂತಿಲ್ಲ. ಬದಲಾಗುತ್ತಿದ್ದದ್ದು ಉಪಕರಣದೊಳಗಿನ ನೀರಿನ ಬಿಸಿ.

ಪೋಟೋಮೀಟರ್ ಅಂದರೆ ಒಂದು ದೊಡ್ಡ ನೀರಿನ ಪಾತ್ರೆಗೆ ಸೇರಿಸಿದ ಸಣ್ಣ ಕೊಳವೆ. ಜ್ವರ ನೋಡುವ ಗಾಜಿನ ಥರ್ಮಾಮೀಟರಿನ ರಚನೆಯೂ ಅದೇ. ನಮ್ಮ ಪೋಟೋಮೀಟರಿನ ದಪ್ಪ ಭಾಗದಲ್ಲಿ, ರಿಸರ್ವಾಯರ್ ಬಿಟ್ಟು, ಸುಮಾರು 60 ಮಿ.ಲೀ. ನೀರು ಹಿಡಿಸುತ್ತದೆ. 30 ಡಿಗ್ರಿಯ ಆಸುಪಾಸಿನಲ್ಲಿ ನೀರು ಒಂದು ಡಿಗ್ರಿ ಬಿಸಿಯಾದರೆ ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟು ಹಿಗ್ಗುತ್ತದೆ. ಗಾಜೂ ಚೂರು ಹಿಗ್ಗುವುದನ್ನು ಕಳೆದರೆ 60 ಮಿ.ಲೀ.ಗೆ ಉಳಿಯುವುದು ಸುಮಾರು 16 ಘನ ಮಿ.ಮೀ. ನೋಡಲು ಏನೂ ಅಲ್ಲ, ಒಂದು ಹನಿಗಿಂತ ಕಮ್ಮಿ. ಆದರೆ 1 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಅದು ಗುಳ್ಳೆಯನ್ನು 20 ಮಿ.ಮೀ. ಹಿಂದಕ್ಕೆ ತಳ್ಳುತ್ತದೆ. ಒಂದೇ ಒಂದು ಡಿಗ್ರಿಗೆ ಸುಮಾರು 2 ಸೆಂ.ಮೀ.!

ಈಗ ಅವಳ ಸಂಖ್ಯೆಗಳನ್ನು ಮತ್ತೆ ನೋಡಿ. ಮೊದಲ ಐದು ನಿಮಿಷದಲ್ಲಿ ನೀರು ಮೂರು ಡಿಗ್ರಿ ಏರಿದ್ದರೆ ಹಿಂದಕ್ಕೆ ತಳ್ಳಿದ್ದು 60 ಮಿ.ಮೀ. ಗಿಡ ಮುಂದಕ್ಕೆ ಎಳೆದದ್ದು 45ರ ಹತ್ತಿರ ಇದ್ದರೆ ಉಳಿಯುವುದು ಮೈನಸ್ ಹದಿನಾಲ್ಕೋ ಹದಿನೈದೋ. ಲೆಕ್ಕ ಕೂಡುತ್ತದೆ. ಇದು ಬರೀ ಊಹೆ ಆಗಬಾರದು ಅಂತ ಅವತ್ತೇ ಇನ್ನೊಮ್ಮೆ ಮಾಡಿದೆವು. ಥರ್ಮಾಮೀಟರಿನ ಬುರುಡೆಯನ್ನು ದಪ್ಪ ಕೊಳವೆಗೆ ಒತ್ತಿ ದಾರ ಕಟ್ಟಿ, ಈ ಸಲ ಅರ್ಧ ಗಂಟೆ ಬಿಸಿಲಿನಲ್ಲೇ ಬಿಟ್ಟೆವು. 28 ಇದ್ದದ್ದು 33ಕ್ಕೆ ಬಂದು ಅಲ್ಲೇ ನಿಂತಿತು. ಅದು ನಿಂತ ಮೇಲೆ ಗುಳ್ಳೆ ಐದು ನಿಮಿಷಕ್ಕೆ 46, 47, 46.

ಇದಕ್ಕಿಂತ ಮೋಸದ್ದು ವಾಪಸು ಬರುವ ದಾರಿ. ಬಿಸಿಲಿನಿಂದ ರೂಮಿಗೆ ತಂದರೆ ನೀರು ತಣ್ಣಗಾಗಿ ಕುಗ್ಗುತ್ತದೆ, ಗುಳ್ಳೆ ಮುಂದಕ್ಕೆ ಓಡುತ್ತದೆ. ನಮಗೆ ಮೊದಲ ಐದು ನಿಮಿಷಕ್ಕೆ 64 ಬಂತು, ಆಮೇಲೆ 47, 35, ಕೊನೆಗೆ 23ರಲ್ಲಿ ನಿಂತಿತು. ಹಿಂದಕ್ಕೆ ಹೋದರೆ ಯಾರಾದರೂ ತಲೆ ಕೆರೆದುಕೊಳ್ಳುತ್ತಾರೆ. ಮುಂದಕ್ಕೆ ಓಡಿದರೆ "ಆಹಾ, ಚೆನ್ನಾಗಿ ಬಂತು" ಅಂತ ಬರೆದುಕೊಂಡು ಬಿಡುತ್ತಾರೆ.

ಪರಿಹಾರ ಅಗ್ಗದ್ದೇ. ಗಾಜಿನ ಭಾಗಕ್ಕೆಲ್ಲ ಬಿಳಿ ಬಟ್ಟೆ ಅಥವಾ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಎಲೆಗಳಿಗೆ ಮಾತ್ರ ಬಿಸಿಲು ಬೀಳುವಂತೆ ಇಡಿ. ಕೊಳವೆಯನ್ನು ಬರಿಗೈಯಲ್ಲಿ ಹಿಡಿದುಕೊಳ್ಳಬೇಡಿ, ಅಂಗೈ ಬಿಸಿಯೂ ಸಾಕು. ಜಾಗ ಬದಲಿಸಿದ ಮೇಲೆ ಬೇಗ ರೀಡಿಂಗ್ ಬರೆದುಕೊಳ್ಳುವ ಆಸೆ ಬೇಡ: ಒಂದರ ಹಿಂದೆ ಒಂದು ಮೂರು ರೀಡಿಂಗ್ ಹೆಚ್ಚುಕಮ್ಮಿ ಒಂದೇ ಬರುವ ತನಕ ಅವನ್ನು ಕೋಷ್ಟಕಕ್ಕೆ ಸೇರಿಸಬೇಡಿ. ಎರಡು ಒಂದೇ ಅಳತೆಯ ಪೋಟೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಒಂದಕ್ಕೆ ಕಡ್ಡಿ, ಇನ್ನೊಂದಕ್ಕೆ ಗಾಜಿನ ಕಡ್ಡಿ ಹಾಕಿ ಪಕ್ಕಪಕ್ಕ ಇಡಿ. ಗಿಡವಿಲ್ಲದ್ದು ಎಷ್ಟು ಅಲುಗಿತೋ ಅಷ್ಟು ಗಿಡದ ಕೆಲಸವಲ್ಲ.

ಬಿಸಿಯಾದ ನೀರಿನಲ್ಲಿ ಗಾಜಿನ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆ ಕಟ್ಟುವುದನ್ನೂ ನೋಡಿ. ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿದೆ, ಅದೂ ಗುಳ್ಳೆಯನ್ನು ಹಿಂದಕ್ಕೆ ನೂಕುತ್ತದೆ. ಹಿಂದಿನ ದಿನವೇ ಕುದಿಸಿ ಆರಿಸಿಟ್ಟ ನೀರು ತುಂಬಿಸಿದರೆ ಈ ಕಾಟ ಬಹುಮಟ್ಟಿಗೆ ಇರುವುದಿಲ್ಲ.

ಬಿಸಿಲಿನ ಬದಲು ಲ್ಯಾಂಪ್ ಇಡುವವರು ಹಳೇ ಫಿಲಮೆಂಟ್ ಬಲ್ಬಾದರೆ ದೂರ ಇಡಿ. ಅದರ ಬಿಸಿ ಇದೇ ಆಟ ಆಡಿಸುತ್ತದೆ. ವೈರ್ ಮತ್ತು ಸ್ವಿಚ್ ಬೋರ್ಡನ್ನು ನೀರಿನ ಬೀಕರ್‌ಗಿಂತ ಎತ್ತರದಲ್ಲಿ ಇಡಿ, ಕೈ ಒದ್ದೆ ಇಲ್ಲದಾಗ ಮಾತ್ರ ಮುಟ್ಟಿ.

## ಫ್ಯಾನ್ ಹಾಕಿದರೂ ದರ ಏರಲಿಲ್ಲ

ಇನ್ನೊಂದು ಬ್ಯಾಚಿನ ರೀಡಿಂಗ್: ರೂಮಿನಲ್ಲಿ 26, ಫ್ಯಾನ್ ಹಾಕಿದ ಮೇಲೆ 25. "ಗಾಳಿಯಿಂದ ಏನೂ ಪರಿಣಾಮ ಇಲ್ಲ" ಅಂತ ಬರೆಯಲು ಹೊರಟಿದ್ದರು. ಫ್ಯಾನ್ ಆರಿಸಿ, ಕಾಲು ಗಂಟೆ ಬಿಟ್ಟು, ಮತ್ತೊಮ್ಮೆ ರೂಮಿನ ರೀಡಿಂಗ್ ತಗೊಳ್ಳಿ ಅಂದೆ. 17 ಬಂತು.

ಅಂದರೆ ಕಡ್ಡಿಯೇ ಹೊತ್ತು ಕಳೆದ ಹಾಗೆ ಸುಸ್ತಾಗುತ್ತಿತ್ತು. ಲೋಳೆ ಕಟ್ಟಿ ತುದಿ ಮುಚ್ಚುತ್ತಿರಬಹುದು, ಪತ್ರರಂಧ್ರ ಮುಚ್ಚಿಕೊಳ್ಳುತ್ತಿರಬಹುದು, ಎರಡೂ ಇರಬಹುದು. ಮೊದಲಿನ 26, ಕೊನೆಯ 17, ನಡುವಿನ ಹೊತ್ತಿಗೆ ಫ್ಯಾನ್ ಇಲ್ಲದೆ 21 ಅಥವಾ 22 ಬರುತ್ತಿತ್ತು ಅಂತ ಇಟ್ಟುಕೊಳ್ಳಬಹುದು. ಇಳಿತ ಒಂದೇ ಸಮನೆ ಆಗಿದ್ದರೆ ಮಾತ್ರ, ಅನ್ನುವುದನ್ನು ಮರೆಯಬೇಡಿ. ಆ 21.5ರ ಜೊತೆ ಹೋಲಿಸಿದರೆ ಫ್ಯಾನಿನ 25 ಸುಮಾರು ಆರನೇ ಒಂದು ಪಾಲು ಜಾಸ್ತಿ. ಪರಿಣಾಮ ಇತ್ತು, ಇಳಿತದ ಹಿಂದೆ ಅಡಗಿಕೊಂಡಿತ್ತು.

ಆದ್ದರಿಂದ ಯಾವುದೇ ಹೋಲಿಕೆಯನ್ನು ಶುರು ಮಾಡಿದ ಸ್ಥಿತಿಯಲ್ಲೇ ಮುಗಿಸಿ. ರೂಮು, ಫ್ಯಾನ್, ಮತ್ತೆ ರೂಮು. ಕೊನೆಯ ರೀಡಿಂಗ್ ಮೊದಲಿನದಕ್ಕೆ ಹತ್ತಿರ ಬಂದರೆ ಕಡ್ಡಿ ಗಟ್ಟಿಮುಟ್ಟಾಗಿದೆ ಅಂತ ಅರ್ಥ. ಅರ್ಧಕ್ಕೆ ಇಳಿದಿದ್ದರೆ ಲೆಕ್ಕ ಸರಿಪಡಿಸಲು ಹೋಗದೆ ಹೊಸ ಕಡ್ಡಿ ಹಾಕಿ. ಫ್ಯಾನನ್ನು ತೀರಾ ಹತ್ತಿರ ಇಟ್ಟು ಜೋರಾಗಿ ಬಿಟ್ಟರೆ ಎಲೆ ಒಣಗಿ ಪತ್ರರಂಧ್ರವನ್ನೇ ಮುಚ್ಚಿಕೊಂಡೀತು. ಆಗ ರೀಡಿಂಗ್ ಮೊದಲು ಏರಿ ಆಮೇಲೆ ಇಳಿಯುತ್ತದೆ.

## ರೀಡಿಂಗ್ ಎಲ್ಲ ಸರಿ, ತೀರ್ಮಾನ ಮಾತ್ರ ಕೈಮೀರಿದೆ

ಗುಳ್ಳೆ ಸರಿಹೋಯಿತು. ಇನ್ನು ಬರೆಯುವ ವಾಕ್ಯದಲ್ಲಿರುವ ಸೋರಿಕೆ ನೋಡಬೇಕು. ಅದನ್ನು ವ್ಯಾಸಲೀನ್ ಮುಚ್ಚುವುದಿಲ್ಲ.

ಆ ಹುಡುಗಿ ಎರಡನೇ ಸಲ ಬರೆದದ್ದು: "ಬೆಳಕಿನಿಂದ ಬಾಷ್ಪವಿಸರ್ಜನೆ ಎರಡರಷ್ಟಾಗುತ್ತದೆ." 46 ಅಂದರೆ 23, 24ರ ಸುಮಾರು ಎರಡರಷ್ಟು ಅನ್ನುವುದು ನಿಜ. ಆದರೂ ಈ ಒಂದು ಸಾಲಿನಲ್ಲಿ ಮೂರು ಕಡೆ ಜಾಸ್ತಿ ಹೇಳಿದ್ದಾಳೆ.

"ಬಾಷ್ಪವಿಸರ್ಜನೆ" ಅನ್ನುವ ಪದದಿಂದಲೇ ಶುರು ಮಾಡೋಣ. ಕೊಳವೆಯಲ್ಲಿ ನಾವು ನೋಡಿದ್ದು ಕಡ್ಡಿ ಹೀರಿದ ನೀರನ್ನು. ಎಲೆಯಿಂದ ಹೊರಗೆ ಹೋದ ಆವಿಯನ್ನು ನೋಡಲಿಲ್ಲ. ಎಲೆ ಬಿಗಿಯಾಗಿ ನಿಂತಿರುವಾಗ, ದರ ಒಂದೇ ಸಮನೆ ಇರುವಾಗ, ಎರಡೂ ಬಹಳ ಹತ್ತಿರ. ಬೆಳವಣಿಗೆಗೂ ದ್ಯುತಿಸಂಶ್ಲೇಷಣೆಗೂ ಉಳಿಯುವುದು ಸಣ್ಣ ಪಾಲು. ಎಲೆ ಬಾಡುತ್ತಿದ್ದರೆ ಹೋಗುವುದು ಜಾಸ್ತಿ, ಹೀರುವುದು ಕಮ್ಮಿ. ಬಾಡಿದ ಎಲೆ ಮತ್ತೆ ನೆಟ್ಟಗಾಗುತ್ತಿದ್ದರೆ ಉಲ್ಟಾ. ಅದಕ್ಕೇ "ನೀರು ಹೀರುವ ದರ" ಅಂತ ಬರೆದು, ಅದನ್ನು ಬಾಷ್ಪವಿಸರ್ಜನೆಯ ಅಂದಾಜಾಗಿ ತೆಗೆದುಕೊಂಡಿದ್ದೇವೆ ಅಂತ ಹೇಳಿ, ಎಲೆ ಬಾಡಿರಲಿಲ್ಲ ಅನ್ನುವುದನ್ನೂ ಸೇರಿಸಬೇಕು.

"ಬೆಳಕಿನಿಂದ" ಅನ್ನುವುದು ಎರಡನೇ ಸೋರಿಕೆ. ರೂಮಿನಿಂದ ಜಗಲಿಗೆ ಹೋದಾಗ ಬೆಳಕು ಒಂದೇ ಬದಲಾಗಲಿಲ್ಲ. ಎಲೆ ಬಿಸಿಯಾಯಿತು, ಗಾಳಿ ಒಣಗಿತ್ತು, ಬೀಸುತ್ತಲೂ ಇತ್ತು. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಈ ಪ್ರಯೋಗ ಹೇಳಲಾರದು. ಬೆಳಕಿನ ಬಗ್ಗೆಯೇ ಹೇಳಬೇಕಿದ್ದರೆ ಅದೇ ರೂಮಿನಲ್ಲಿ, ಅದೇ ಜಾಗದಲ್ಲಿ ಎಲ್ಇಡಿ ಲ್ಯಾಂಪ್ ಹಾಕಿ ಆರಿಸಿ ನೋಡಬೇಕು, ಎಲೆಯ ಹತ್ತಿರದ ಬಿಸಿಯನ್ನು ಎರಡೂ ಸಲ ಬರೆದಿಡಬೇಕು.

ಮೂರನೆಯದು ಕಣ್ಣಿಗೇ ಬೀಳುವುದಿಲ್ಲ: "ಆಗುತ್ತದೆ." ಒಂದು ದಿನ, ಒಂದು ಗಿಡದ ಒಂದು ಕಡ್ಡಿ. ಅದರ ಮೇಲೆ "ಆಯಿತು" ಅನ್ನಬಹುದು. "ಆಗುತ್ತದೆ" ಅನ್ನಲು ಬೇರೆ ಬೇರೆ ಗಿಡದ ಐದಾರು ಕಡ್ಡಿಯಾದರೂ ಬೇಕು. ಆಗ ಎಲೆಯ ವಿಸ್ತೀರ್ಣವೂ ಬೇಕಾಗುತ್ತದೆ, ಗ್ರಾಫ್ ಕಾಗದದ ಮೇಲೆ ಎಲೆ ಬರೆದು ಚೌಕ ಎಣಿಸಿ. ದೊಡ್ಡ ಕಡ್ಡಿ ಜಾಸ್ತಿ ಕುಡಿಯುವುದರಲ್ಲಿ ಆಶ್ಚರ್ಯವೇನಿದೆ? ಒಂದೇ ಕಡ್ಡಿಯನ್ನು ಅದಕ್ಕೇ ಹೋಲಿಸುವಾಗ ಮಾತ್ರ ವಿಸ್ತೀರ್ಣ ಇಲ್ಲದೆ ನಡೆಯುತ್ತದೆ.

ಕೊನೆಗೆ ರೆಕಾರ್ಡಿನಲ್ಲಿ ಉಳಿದ ವಾಕ್ಯ ಹೀಗಿತ್ತು:

"ಈ ದಾಸವಾಳದ ಕಡ್ಡಿ ರೂಮಿನಲ್ಲಿ (28 ಡಿಗ್ರಿ) ಐದು ನಿಮಿಷಕ್ಕೆ ಸುಮಾರು 24 ಮಿ.ಮೀ., ಜಗಲಿಯ ಬಿಸಿಲಿನಲ್ಲಿ ನೀರಿನ ಬಿಸಿ 33 ಡಿಗ್ರಿಯಲ್ಲಿ ನಿಂತ ಮೇಲೆ ಸುಮಾರು 46 ಮಿ.ಮೀ. ನೀರು ಹೀರಿತು. ರೂಮಿಗೆ ಮರಳಿದ ಮೇಲೆ 23 ಮಿ.ಮೀ. ಎಲೆ ಬಾಡಲಿಲ್ಲ. ಜಗಲಿಯಲ್ಲಿ ಬೆಳಕು, ಬಿಸಿ, ಗಾಳಿ ಎಲ್ಲವೂ ಬದಲಾದ್ದರಿಂದ ಹೆಚ್ಚಳಕ್ಕೆ ಯಾವುದು ಕಾರಣ ಎಂದು ಬೇರ್ಪಡಿಸಲು ಆಗಲಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ. ಅವರದ್ದು ವಿ.ಸಿ. ನಾಲೆ ಬಯಲಿನ ಕಬ್ಬಿನ ಗದ್ದೆ. "ಹಂಗಾದ್ರೆ ಸಾರ್, ಬಿಸಿಲು ಜಾಸ್ತಿ ಇದ್ದಾಗ ನಮ್ ಕಬ್ಗೂ ಎರಡರಷ್ಟು ನೀರು ಕಟ್ಬೇಕಾ?"

ಪ್ರಶ್ನೆ ಒಳ್ಳೆಯದೇ, ಆದರೆ ಉತ್ತರ ಈ ಕೊಳವೆಯಲ್ಲಿಲ್ಲ. ನಮ್ಮ ಕಡ್ಡಿಗೆ ಬೇರಿಲ್ಲ, ತುದಿ ನೇರ ನೀರಿನೊಳಗಿದೆ. ಅವನ ಕಬ್ಬು ಮಣ್ಣಿನಿಂದ ಬೇರಿನ ಮೂಲಕ ಎಳೆಯಬೇಕು. ನಮ್ಮದು ಒಂಟಿ ಕಡ್ಡಿ, ಸುತ್ತ ಗಾಳಿ ಆಡುತ್ತದೆ. ಒತ್ತಾಗಿ ಬೆಳೆದ ಕಬ್ಬಿನೊಳಗೆ ಗಾಳಿಯೇ ತೇವವಾಗಿರುತ್ತದೆ. ಗದ್ದೆಯ ನೀರು ಮಣ್ಣಿನಿಂದಲೂ ಆವಿಯಾಗಿ ಹೋಗುತ್ತದೆ, ಕೆಳಕ್ಕೂ ಇಂಗುತ್ತದೆ. ಅದೆಲ್ಲ ಬಿಡಿ, ಕಬ್ಬು ದಾಸವಾಳವೂ ಅಲ್ಲ.

"ಹಂಗಾದ್ರೆ ಕಬ್ಬಿನ ಸೋಗೇನೇ ತಂದು ಹಾಕ್ಲಾ ಸಾರ್?" ಅಂದ.

ಆ ಅಗಲದ ಸೋಗೆಗೆ ತೂತಿರುವ ಕಾರ್ಕು ನಮ್ಮ ಲ್ಯಾಬ್‌ನಲ್ಲಿ ಇರಲಿಲ್ಲ.